‘ಕ್ರಮ ಕೈಗೊಳ್ಳಲಾಗುವುದು’ ಅಂದರೆ ಯಾರು, ಏನು ಮಾಡುತ್ತಾರೆ? ಸಭೆಯ ಟಿಪ್ಪಣಿ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದ ಜಾಗದಲ್ಲಿ ಬರೆಯುವ ಬರಹಗಳಲ್ಲಿ ಸಭೆಯ ಟಿಪ್ಪಣಿಯನ್ನೇ ಇಲ್ಲಿ ಮುಖ್ಯವಾಗಿ ತೆಗೆದುಕೊಂಡಿದ್ದೇವೆ. ವಾಕ್ಯದಲ್ಲಿ ಕೆಲಸ ಮಾಡುವವರ ಹೆಸರು ಬಿಟ್ಟುಹೋದರೆ ಜಾಸ್ತಿ ನಷ್ಟ ಆಗುವುದು ಅಲ್ಲೇ. ಉದಾಹರಣೆಗಳಲ್ಲಿ ಬರುವ ಹೆಸರುಗಳು ವಾಕ್ಯ ತೋರಿಸುವುದಕ್ಕೆ ಇಟ್ಟವು ಅಷ್ಟೇ.

## ‘ಲಾಗಿದೆ’, ‘ಲಾಗುವುದು’ ಅಂತ ಬರೆದರೆ ತೊಂದರೆ ಏನು? ವ್ಯಾಕರಣ ಸರಿ ಇದೆಯಲ್ವಾ?

ವ್ಯಾಕರಣ ಸರಿಯಾಗೇ ಇದೆ. ತೊಂದರೆ ಬರುವುದು ಓದಿದ ಮೇಲೆ.

‘ಗ್ರಾಹಕರಿಗೆ ಮಾಹಿತಿ ನೀಡಲಾಗುವುದು’ ಅನ್ನುವ ವಾಕ್ಯವನ್ನು ಸಭೆಯಲ್ಲಿದ್ದ ಎಲ್ಲರೂ ಓದುತ್ತಾರೆ. ಪ್ರತಿಯೊಬ್ಬರೂ ‘ಸರಿ, ಯಾರೋ ಹೇಳ್ತಾರೆ’ ಅಂದುಕೊಳ್ಳುತ್ತಾರೆ. ಯಾರೂ ಸೋಮಾರಿಗಳಲ್ಲ, ಯಾರೂ ಸುಳ್ಳು ಹೇಳಿಲ್ಲ. ಮುಂದಿನ ಸಭೆಯಲ್ಲಿ ಮಾತ್ರ ಗ್ರಾಹಕರಿಗೆ ಯಾರೂ ಫೋನ್ ಮಾಡಿಲ್ಲ ಅಂತ ಗೊತ್ತಾಗುತ್ತದೆ.

ಕನ್ನಡದ ಕ್ರಿಯಾಪದದ ಕೊನೆಯಲ್ಲೇ ಮಾಡುವವರ ಗುರುತು ಇರುತ್ತದೆ. ‘ಕಳಿಸುತ್ತೇನೆ’ ಅಂದರೆ ನಾನು, ‘ಕಳಿಸುತ್ತಾಳೆ’ ಅಂದರೆ ಅವಳು. ಬೇರೆ ಪದವೇ ಬೇಡ. ‘ಕಳಿಸಲಾಗುವುದು’ ಅಂದ ಕೂಡಲೇ ಆ ಗುರುತು ಅಳಿಸಿಹೋಗುತ್ತದೆ. ಹಾಗಾಗಿ ನಮ್ಮ ಕರ್ಮಣಿ ಪ್ರಯೋಗದಲ್ಲಿ ಆಗುವ ನಷ್ಟ ಚಿಕ್ಕದಲ್ಲ.

## ‘ಲಾಗು’ ಇರುವ ವಾಕ್ಯಗಳನ್ನೆಲ್ಲ ಹುಡುಕಿ ತಿದ್ದಿದರೆ ಸಾಕಾ?

ಸಾಲದು. ‘ಲಾಗು’ ಕಣ್ಣಿಗೆ ಬೀಳುತ್ತದೆ. ಆದರೆ ಮಾಡುವವರನ್ನು ಮರೆಮಾಡುವ ರೂಪಗಳು ಇನ್ನೂ ಇವೆ. ಅವು ನೋಡಲು ಕರ್ಮಣಿಯ ಹಾಗೆ ಇರುವುದೇ ಇಲ್ಲ.

ಮೊದಲನೆಯದು ‘ಆಗು’ ಮತ್ತು ‘ಮುಗಿ’ಯಂಥ ಕ್ರಿಯಾಪದಗಳು. ‘ಕಳಿಸುವುದು ತಡವಾಯಿತು’, ‘ಬಿಲ್ಲಿನಲ್ಲಿ ತಪ್ಪಾಗಿದೆ’, ‘ಮುಂದಿನ ವಾರ ಕೆಲಸ ಮುಗಿಯುತ್ತದೆ’. ಎಲ್ಲವೂ ತಾನಾಗಿಯೇ ನಡೆದ ಹಾಗೆ ಕೇಳುತ್ತದೆ. ಕೆಲಸ ತಾನಾಗಿ ಮುಗಿಯುವುದಿಲ್ಲ, ಯಾರೋ ಮುಗಿಸುತ್ತಾರೆ.

ಎರಡನೆಯದು ‘ಬೇಕು’. ನನ್ನ ಲೆಕ್ಕದಲ್ಲಿ ಸಭೆಯ ಟಿಪ್ಪಣಿಗಳಿಗೆ ಅತಿ ಹೆಚ್ಚು ಹಾನಿ ಮಾಡುವುದು ಇದೇ. ‘ಪಟ್ಟಿ ಕಳಿಸಬೇಕು’ ಅನ್ನುವುದು ಗಟ್ಟಿ ಆದೇಶದ ಹಾಗೆ ಕೇಳುತ್ತದೆ. ಬರೆದವರಿಗೂ ಕೆಲಸ ಹಂಚಿದ ಸಮಾಧಾನ ಸಿಗುತ್ತದೆ. ಆದರೆ ‘ಬೇಕು’ ಯಾರಿಗೂ ತಕ್ಕಂತೆ ಬದಲಾಗುವುದಿಲ್ಲ. ನಾನು ಕಳಿಸಬೇಕು, ನೀವು ಕಳಿಸಬೇಕು, ಅವರು ಕಳಿಸಬೇಕು, ಎಲ್ಲಕ್ಕೂ ಒಂದೇ ರೂಪ. ಮುಂದಿನ ಹೆಸರು ಬಿಟ್ಟರೆ ಆ ಕೆಲಸ ಯಾರದ್ದು ಅಂತ ತಿಳಿಯುವುದಕ್ಕೆ ದಾರಿಯೇ ಇಲ್ಲ.

ಮೂರನೆಯದು ‘ನಾವು’. ‘ಶುಕ್ರವಾರದೊಳಗೆ ಪರಿಶೀಲಿಸುತ್ತೇವೆ’ ಅನ್ನುವುದು ಪಕ್ಕಾ ಕರ್ತರಿ ವಾಕ್ಯ. ಆದರೂ ಒಬ್ಬರ ಹೆಸರಿಲ್ಲ. ಹತ್ತು ಜನರ ತಂಡದಲ್ಲಿ ‘ನಾವು’ ಅಂದರೆ ಯಾರು?

ಇನ್ನೊಂದು ರೂಪ ವಾಕ್ಯದ ನಡುವೆ ಅಡಗಿರುತ್ತದೆ: ‘ತಪ್ಪಾಗಿ ನಮೂದಿಸಿದ ಬಿಲ್‌ಗಳು’. ನಮೂದಿಸಿದ್ದು ಯಾರು, ಅಥವಾ ಯಾವ ಸಾಫ್ಟ್‌ವೇರ್? ಅದು ತಿಳಿಯದಿದ್ದರೆ ತಪ್ಪು ಎಲ್ಲಿ ಸರಿಪಡಿಸಬೇಕು ಅಂತಲೂ ತಿಳಿಯುವುದಿಲ್ಲ.

ಆದ್ದರಿಂದ ‘ಲಾಗು’ ಹುಡುಕುವ ಬದಲು ಪ್ರತಿ ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ. ಪ್ರತಿಯೊಂದಕ್ಕೂ ‘ಯಾರು?’ ಅಂತ ಕೇಳಿ. ಉತ್ತರ ಅದೇ ವಾಕ್ಯದಲ್ಲಿ, ಒಬ್ಬರ ಹೆಸರಿನ ರೂಪದಲ್ಲಿ ಸಿಗಬೇಕು.

## ಒಂದು ಟಿಪ್ಪಣಿಯನ್ನು ಪೂರ್ತಿ ತಿದ್ದಿ ತೋರಿಸುತ್ತೀರಾ?

ಖಂಡಿತ. ಒಂದು ಕಂಪನಿಯಲ್ಲಿ ಬಿಲ್‌ಗಳ ಮೊತ್ತ ತಪ್ಪಾಗಿ ಬರುತ್ತಿದೆ ಅಂತಿಟ್ಟುಕೊಳ್ಳಿ. ಅದರ ಬಗ್ಗೆ ಸಭೆ ನಡೆಯಿತು. ಟಿಪ್ಪಣಿ ಹೀಗೆ ಬಂತು:

> ಗ್ರಾಹಕರ ಬಿಲ್‌ಗಳಲ್ಲಿ ಕಂಡುಬಂದಿರುವ ವ್ಯತ್ಯಾಸಗಳ ಬಗ್ಗೆ ಚರ್ಚಿಸಲಾಯಿತು. ಸಮಸ್ಯೆಯ ಮೂಲ ಪತ್ತೆಹಚ್ಚಲು ಪರಿಶೀಲನೆ ಕೈಗೊಳ್ಳಬೇಕಾಗಿದೆ. ಸಂಬಂಧಪಟ್ಟವರೊಂದಿಗೆ ಸಮನ್ವಯ ಸಾಧಿಸಿ ಅಗತ್ಯ ಕ್ರಮ ಕೈಗೊಳ್ಳಲಾಗುವುದು. ಗ್ರಾಹಕರಿಗೆ ಶೀಘ್ರದಲ್ಲೇ ಮಾಹಿತಿ ನೀಡಲಾಗುವುದು.

ಓದಲು ಚೆನ್ನಾಗಿದೆ. ಈಗ ಒಂದೊಂದೇ ವಾಕ್ಯ ನೋಡೋಣ.

ಮೊದಲ ವಾಕ್ಯದಲ್ಲಿ ‘ಚರ್ಚಿಸಲಾಯಿತು’ ಅನ್ನುವುದನ್ನು ‘ತಂಡ ಚರ್ಚಿಸಿತು’ ಅಂತ ಬದಲಿಸಿದರೆ ಏನೂ ಲಾಭವಿಲ್ಲ. ಚರ್ಚೆ ಆಯಿತು ಅನ್ನುವುದು ಯಾರಿಗೂ ಬೇಕಾದ ಸುದ್ದಿಯಲ್ಲ. ಚರ್ಚೆಯಿಂದ ಏನು ತಿಳಿಯಿತು ಅನ್ನುವುದು ಬೇಕು. ಬರೆದವರನ್ನು ಕೇಳಿದರೆ ವಿಷಯ ಬರುತ್ತದೆ: ಮಾರ್ಚ್ ತಿಂಗಳ 23 ಬಿಲ್‌ಗಳಲ್ಲಿ ಸಾಫ್ಟ್‌ವೇರ್ ರಿಯಾಯಿತಿಯನ್ನು ಎರಡು ಸಲ ಕಳೆದಿದೆ. ಗ್ರಾಹಕರು ಕೊಡಬೇಕಾದ್ದಕ್ಕಿಂತ ಕಡಿಮೆ ಕೊಟ್ಟಿದ್ದಾರೆ. ‘ವ್ಯತ್ಯಾಸ’ ಅನ್ನುವ ಒಂದು ಪದದ ಹಿಂದೆ ಇಷ್ಟೆಲ್ಲ ಕೂತಿತ್ತು.

ಎರಡನೆಯ ವಾಕ್ಯದಲ್ಲಿ ಮಾಡುವವರು ಯಾರು ಅಂತ ಬರಹದೊಳಗೆ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಇಲ್ಲಿ ಪೆನ್ನು ಕೆಳಗಿಡಬೇಕು. ಫೋನ್ ಮಾಡಿ ಕೇಳಬೇಕು. ಲೆಕ್ಕ ನೋಡುವ ಸುಮಾ ‘ಬಿಲ್‌ಗಳನ್ನು ನಾನು ನೋಡ್ತೀನಿ’ ಅಂದರು. ಸಾಫ್ಟ್‌ವೇರ್ ನೋಡಿಕೊಳ್ಳುವ ರಘು ‘ಕೋಡ್ ನಾನು ನೋಡ್ತೀನಿ’ ಅಂದರು. ಅಂದರೆ ‘ಪರಿಶೀಲನೆ’ ಒಂದು ಕೆಲಸ ಆಗಿರಲಿಲ್ಲ, ಎರಡಾಗಿತ್ತು. ಮೊದಲ ಟಿಪ್ಪಣಿಯಂತೆ ಹೋಗಿದ್ದರೆ ಇಬ್ಬರೂ ಒಂದನ್ನೇ ಮಾಡುವ ಸಾಧ್ಯತೆ ಇತ್ತು. ಇಬ್ಬರೂ ಬಿಡುವ ಸಾಧ್ಯತೆಯೂ ಇತ್ತು.

ಮೂರನೆಯ ವಾಕ್ಯ ಎಲ್ಲಕ್ಕಿಂತ ಮುಖ್ಯ. ‘ಅಗತ್ಯ ಕ್ರಮ’ ಅಂದರೆ ಏನು ಅಂತ ಕೇಳಿದಾಗ ಒಬ್ಬರು, ಗ್ರಾಹಕರಿಂದ ಬಾಕಿ ಹಣ ಕೇಳುವುದು ಅಂದರು. ಇನ್ನೊಬ್ಬರು, ತಪ್ಪು ನಮ್ಮದು, ಬಿಟ್ಟುಬಿಡುವುದು ಅಂದರು. ಸಭೆಯಲ್ಲಿ ಇದು ತೀರ್ಮಾನವೇ ಆಗಿರಲಿಲ್ಲ! ತೀರ್ಮಾನ ಆಗದ್ದನ್ನು ತೀರ್ಮಾನ ಆದ ಹಾಗೆ ತೋರಿಸಿದ್ದು ‘ಕೈಗೊಳ್ಳಲಾಗುವುದು’ ಅನ್ನುವ ಪದ. ವಾಕ್ಯ ತಿದ್ದಲು ಕೂತಾಗ ಸಿಗುವ ದೊಡ್ಡ ಲಾಭ ಇದು. ಇಲ್ಲಿ ಬರೆಯಬೇಕಾದ್ದು ಕ್ರಮವನ್ನಲ್ಲ, ತೀರ್ಮಾನ ಮಾಡುವವರ ಹೆಸರನ್ನು. ಮ್ಯಾನೇಜರ್ ವಿನೋದ್ ‘ನಾನು ಹೇಳ್ತೀನಿ’ ಅಂತ ಒಪ್ಪಿಕೊಂಡರು.

ಇಷ್ಟು ಆದ ಮೇಲೆ ನಾಲ್ಕನೆಯ ವಾಕ್ಯದ ತೊಡಕು ಕಾಣುತ್ತದೆ. ವಿನೋದ್ ತೀರ್ಮಾನಿಸುವ ತನಕ ಗ್ರಾಹಕರಿಗೆ ಹೇಳುವುದಕ್ಕೆ ಏನೂ ಇಲ್ಲ. ‘ಶೀಘ್ರದಲ್ಲೇ’ ಅನ್ನುವುದು ಸಾಧ್ಯವೇ ಇರಲಿಲ್ಲ. ತೀರ್ಮಾನ ಬಂದ ಮೇಲೆ ಗ್ರಾಹಕರಿಗೆ ಫೋನ್ ಮಾಡಲು ನಸ್ರೀನ್ ಒಪ್ಪಿಕೊಂಡರು. ಈಗ ಟಿಪ್ಪಣಿ ಹೀಗಾಗುತ್ತದೆ:

> ಮಾರ್ಚ್ ತಿಂಗಳ 23 ಬಿಲ್‌ಗಳಲ್ಲಿ ಸಾಫ್ಟ್‌ವೇರ್ ರಿಯಾಯಿತಿಯನ್ನು ಎರಡು ಸಲ ಕಳೆದಿದೆ.
>
> ಸುಮಾ ಈ ಬಿಲ್‌ಗಳನ್ನು ಬೆಲೆಪಟ್ಟಿಯ ಜೊತೆ ತಾಳೆ ನೋಡಿ, ಪ್ರತಿ ಗ್ರಾಹಕರ ಬಾಕಿ ಎಷ್ಟು ಅಂತ ಪಟ್ಟಿ ಮಾಡಿ ಬುಧವಾರ ಸಂಜೆಯೊಳಗೆ ವಿನೋದ್ ಅವರಿಗೆ ಕಳಿಸುತ್ತಾರೆ.
>
> ರಘು ರಿಯಾಯಿತಿ ಎರಡು ಸಲ ಕಳೆಯುತ್ತಿರುವ ಕೋಡ್ ಹುಡುಕಿ, ಸರಿಪಡಿಸುವುದಕ್ಕೆ ಎಷ್ಟು ದಿನ ಬೇಕು ಅಂತ ಬುಧವಾರ ಸಂಜೆಯೊಳಗೆ ತಂಡಕ್ಕೆ ಬರೆಯುತ್ತಾರೆ.
>
> ವಿನೋದ್ ಬಾಕಿ ಕೇಳಬೇಕೋ ಬಿಡಬೇಕೋ ಅನ್ನುವುದನ್ನು ಗುರುವಾರ ಮಧ್ಯಾಹ್ನದೊಳಗೆ ತೀರ್ಮಾನಿಸಿ ತಂಡಕ್ಕೆ ಬರೆಯುತ್ತಾರೆ.
>
> ನಸ್ರೀನ್ ಆ ತೀರ್ಮಾನ ಬಂದ ಮೇಲೆ, ಶುಕ್ರವಾರ ಸಂಜೆಯೊಳಗೆ ಎಲ್ಲ ಗ್ರಾಹಕರಿಗೂ ಫೋನ್ ಮಾಡುತ್ತಾರೆ.

ಮೊದಲಿಗಿಂತ ಉದ್ದವಾಗಿದೆ, ನಿಜ. ‘ಕರ್ತರಿ ವಾಕ್ಯ ಚಿಕ್ಕದಾಗಿರುತ್ತದೆ’ ಅನ್ನುವ ಮಾತನ್ನು ಇಲ್ಲಿ ನಂಬಬೇಡಿ. ಖಾಲಿ ಇದ್ದ ಜಾಗ ತುಂಬಿದಾಗ ಬರಹ ಬೆಳೆಯುತ್ತದೆ. ಬದಲಿಗೆ, ಈ ಟಿಪ್ಪಣಿ ಓದಿದ ಮೇಲೆ ಯಾರೂ ‘ಈಗ ನಾನೇನು ಮಾಡಬೇಕು?’ ಅಂತ ಕೇಳುವುದಿಲ್ಲ.

ಇನ್ನೊಂದು ಗಮನಿಸಿ. ಮೊದಲ ವಾಕ್ಯದಲ್ಲಿ ಮಾಡಿದ್ದು ಮನುಷ್ಯರಲ್ಲ, ಸಾಫ್ಟ್‌ವೇರ್. ಅದನ್ನು ಹಾಗೇ ಬರೆದಿದ್ದೇವೆ. ನಡೆದದ್ದನ್ನು ಹೇಳುವಾಗ ಯಂತ್ರವೂ ಮಾಡುವವರ ಜಾಗದಲ್ಲಿ ನಿಲ್ಲಬಹುದು. ಮುಂದೆ ಆಗಬೇಕಾದ ಕೆಲಸಕ್ಕೆ ಮಾತ್ರ ಮನುಷ್ಯರ ಹೆಸರೇ ಬೇಕು.

## ‘ಪರಿಶೀಲನೆ ನಡೆಸು’ ಅನ್ನುವುದೂ ಕ್ರಿಯಾಪದವೇ ಅಲ್ವಾ? ಅದನ್ನು ಯಾಕೆ ಬದಲಿಸಬೇಕು?

‘ಪರಿಶೀಲನೆ ನಡೆಸು’, ‘ಕ್ರಮ ಕೈಗೊಳ್ಳು’, ‘ಸಮನ್ವಯ ಸಾಧಿಸು’, ‘ಅನುಷ್ಠಾನಕ್ಕೆ ತರು’. ಇವುಗಳಲ್ಲಿ ಕೆಲಸವೆಲ್ಲ ನಾಮಪದದೊಳಗೆ ಹೋಗಿ ಕೂತಿದೆ. ನಡೆಸು, ಕೈಗೊಳ್ಳು, ಸಾಧಿಸು ಅನ್ನುವವು ಸುಮ್ನೆ ವಾಕ್ಯ ಮುಗಿಸುತ್ತವೆ. ‘ಪರಿಶೀಲನೆ ನಡೆಸು’ ಬದಲು ‘ಪರಿಶೀಲಿಸು’ ಅಂದರೆ ಒಂದು ಮೆಟ್ಟಿಲು ಮುಂದೆ ಬಂದ ಹಾಗೆ. ಆದರೆ ಅಲ್ಲೇ ನಿಲ್ಲಬೇಡಿ.

ಒಂದು ಸುಲಭದ ಪರೀಕ್ಷೆ ಇದೆ. ಆ ಕೆಲಸ ನಡೆಯುವಾಗ ಯಾರಾದರೂ ವಿಡಿಯೋ ಮಾಡಿದರೆ ಅದರಲ್ಲಿ ಏನು ಕಾಣುತ್ತದೆ? ‘ಪರಿಶೀಲಿಸು’ ಕಾಣುವುದಿಲ್ಲ. ಓದುವುದು, ಎಣಿಸುವುದು, ತಾಳೆ ನೋಡುವುದು, ಸಹಿ ಹಾಕುವುದು, ಫೋನ್ ಮಾಡುವುದು ಕಾಣುತ್ತದೆ. ‘ಸಮನ್ವಯ’ ಕಾಣುವುದಿಲ್ಲ. ಇಬ್ಬರನ್ನು ಕೂರಿಸಿ ಒಂದು ದಿನಾಂಕ ಒಪ್ಪಿಸುವುದು ಕಾಣುತ್ತದೆ. ಕಾಣುವ ಪದವನ್ನೇ ಬರೆಯಿರಿ.

ಇದಕ್ಕೆ ಒಂದು ಮಿತಿ ಇದೆ. ಯೋಚನೆ ಮಾಡುವ ಕೆಲಸ ವಿಡಿಯೋದಲ್ಲಿ ಕಾಣುವುದಿಲ್ಲ. ವಿನೋದ್ ತೀರ್ಮಾನಿಸುವುದನ್ನು ಹೇಗೆ ತೋರಿಸುತ್ತೀರಿ? ಅಂಥ ಕಡೆ, ಕೆಲಸ ಮುಗಿದಾಗ ಕೈಗೆ ಏನು ಬರುತ್ತದೆ ಅಂತ ಬರೆಯಿರಿ. ‘ತೀರ್ಮಾನಿಸಿ ತಂಡಕ್ಕೆ ಬರೆಯುತ್ತಾರೆ’ ಅನ್ನುವಲ್ಲಿ ‘ಬರೆಯುತ್ತಾರೆ’ ಅದಕ್ಕಾಗಿಯೇ ಇದೆ. ಗುರುವಾರ ಮಧ್ಯಾಹ್ನ ಆ ಸಂದೇಶ ಬಂದಿರುತ್ತದೆ, ಇಲ್ಲವೇ ಬಂದಿರುವುದಿಲ್ಲ. ನಡುವಿನ ಸ್ಥಿತಿ ಇಲ್ಲ.

## ಒಬ್ಬರ ಹೆಸರೇ ಬೇಕಾ? ವಿಭಾಗದ ಹೆಸರು ಬರೆದರೆ ಸಾಲದಾ?

ಸಾಲದು. ‘ಲೆಕ್ಕಪತ್ರ ವಿಭಾಗ ಪಟ್ಟಿ ಕಳಿಸುತ್ತದೆ’ ಅಂದರೆ ಆ ವಿಭಾಗದೊಳಗೆ ಮತ್ತೆ ಅದೇ ಪ್ರಶ್ನೆ ಹುಟ್ಟುತ್ತದೆ. ಯಾರು ಅಂತ ನಿಮಗೆ ಗೊತ್ತಿಲ್ಲದಿದ್ದರೆ ಆ ವಿಭಾಗದ ಮುಖ್ಯಸ್ಥರ ಹೆಸರು ಹಾಕಿ. ಅವರ ಮೊದಲ ಕೆಲಸ ಇನ್ನೊಬ್ಬರನ್ನು ಗೊತ್ತುಮಾಡಿ ತಿಳಿಸುವುದು ಅಂತ ಬರೆಯಿರಿ.

ಎರಡು ಹೆಸರು ಬರೆಯುವುದೂ ಬೇಡ. ‘ಸುಮಾ ಮತ್ತು ರಘು ನೋಡುತ್ತಾರೆ’ ಅನ್ನುವ ವಾಕ್ಯದಲ್ಲಿ ಇಬ್ಬರಿಗೂ ಇನ್ನೊಬ್ಬರನ್ನು ಕಾಯಲು ಕಾರಣ ಸಿಗುತ್ತದೆ. ಕೆಲಸ ಇಬ್ಬರೂ ಮಾಡಲಿ, ಉತ್ತರ ಹೇಳುವವರು ಒಬ್ಬರೇ ಇರಲಿ: ‘ಸುಮಾ, ರಘು ಅವರ ಸಹಾಯ ಪಡೆದು, ಪಟ್ಟಿ ಕಳಿಸುತ್ತಾರೆ.’ ಆ್ಯಪಲ್ ಕಂಪನಿಯಲ್ಲಿ ಪ್ರತಿ ಕೆಲಸದ ಮುಂದೆ ಹೀಗೆ ಒಬ್ಬರ ಹೆಸರು ಇಡುವ ಪದ್ಧತಿ ಇದೆ. ಆ ವ್ಯಕ್ತಿಯನ್ನು ‘ಡಿಆರ್‌ಐ’, ಅಂದರೆ ‘ಡೈರೆಕ್ಟ್ಲಿ ರೆಸ್ಪಾನ್ಸಿಬಲ್ ಇಂಡಿವಿಜುವಲ್’, ನೇರ ಹೊಣೆ ಹೊತ್ತವರು, ಅಂತ ಕರೆಯುತ್ತಾರೆ. ಈಗ ಬೇರೆ ಕಂಪನಿಗಳಲ್ಲೂ ಈ ಪದ ಕೇಳಿಬರುತ್ತದೆ.

## ಸಭೆಗೆ ಬಾರದವರ ಹೆಸರು ಬರೆಯಬಹುದಾ?

ಅವರನ್ನು ಕೇಳಿ, ಒಪ್ಪಿದ ಮೇಲೆ ಬರೆಯಿರಿ. ಟಿಪ್ಪಣಿ ಓದಿದಾಗಲೇ ತನ್ನ ಕೆಲಸ ಯಾವುದು ಅಂತ ಗೊತ್ತಾದರೆ ಯಾರಿಗಾದರೂ ಬೇಸರ ಆಗುತ್ತದೆ, ಅದು ನ್ಯಾಯವೂ ಹೌದು. ಕೇಳಲು ಸಮಯವಿಲ್ಲದಿದ್ದರೆ ಹೀಗೆ ಬರೆಯಬಹುದು: ‘ಈ ಕೆಲಸ ಯಾರದ್ದು ಅಂತ ಇನ್ನೂ ಗೊತ್ತಾಗಿಲ್ಲ. ವಿನೋದ್ ನಾಳೆ ಬೆಳಗ್ಗೆ ಹೇಳುತ್ತಾರೆ.’

## ಆದ ತಪ್ಪನ್ನು ಬರೆಯುವಾಗಲೂ ಹೆಸರು ಹಾಕಬೇಕಾ?

ಇಲ್ಲಿ ನಿಂತು ಯೋಚಿಸಬೇಕು. ಮುಂದಿನ ಕೆಲಸಕ್ಕೆ ಹೆಸರು ಹಾಕುವುದೂ ಹಿಂದಿನ ತಪ್ಪಿಗೆ ಹೆಸರು ಹಾಕುವುದೂ ಒಂದೇ ಅಲ್ಲ.

ದೊಡ್ಡ ಸಾಫ್ಟ್‌ವೇರ್ ತಂಡಗಳಲ್ಲಿ ಏನಾದರೂ ಕೆಟ್ಟುಹೋದ ಮೇಲೆ ವರದಿ ಬರೆಯುವಾಗ ಯಾರ ಮೇಲೂ ದೂರು ಹೊರಿಸಬಾರದು ಅನ್ನುವ ನಿಯಮ ಇಟ್ಟುಕೊಂಡವರಿದ್ದಾರೆ. ಹೆಸರು ಬಂದರೆ ಜನ ಹೆದರಿ ವಿಷಯ ಮುಚ್ಚಿಡುತ್ತಾರೆ, ಆಗ ಕಾರಣ ಸಿಗುವುದಿಲ್ಲ. ಇದು ಸರಿಯಾದ ನಿಯಮ ಅಂತ ನಾನು ನಂಬುತ್ತೇನೆ. ಆದರೆ ಹಾಗಂತ ‘ತಪ್ಪು ಸಂಭವಿಸಿದೆ’ ಅಂತ ಬರೆದು ಬಿಡುವುದೂ ಬೇಡ. ವ್ಯಕ್ತಿಯ ಬದಲು ಹುದ್ದೆ ಬರೆಯಬಹುದು: ‘ಆ ದಿನ ಪಾಳಿಯಲ್ಲಿದ್ದ ಎಂಜಿನಿಯರ್ ಹಳೆಯ ಬೆಲೆಪಟ್ಟಿ ಹಾಕಿದರು. ಸಾಫ್ಟ್‌ವೇರ್ ದಿನಾಂಕ ನೋಡದೆ ಅದನ್ನು ಒಪ್ಪಿಕೊಂಡಿತು.’ ಎರಡೂ ಕರ್ತರಿ ವಾಕ್ಯ. ಯಾರನ್ನೂ ಬೈದಿಲ್ಲ, ಸರಿಪಡಿಸಬೇಕಾದ ಜಾಗವೂ ಕಾಣುತ್ತದೆ. ನಾಲ್ಕೇ ಜನರ ತಂಡದಲ್ಲಿ ಹುದ್ದೆ ಹೇಳಿದರೆ ವ್ಯಕ್ತಿ ಯಾರು ಅಂತ ಗೊತ್ತಾಗಿಬಿಡುತ್ತದೆ. ಅಲ್ಲಿ ಎರಡನೆಯ ವಾಕ್ಯದಿಂದಲೇ ಶುರುಮಾಡಿ.

ತಪ್ಪು ನಿಮ್ಮದೇ ಆದಾಗ ಮಾತ್ರ ಈ ಮರೆ ಬೇಡ. 1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್, ಇರಾನ್‌ಗೆ ಶಸ್ತ್ರಾಸ್ತ್ರ ಮಾರಿದ ವಿಷಯದಲ್ಲಿ ಗಂಭೀರ ತಪ್ಪುಗಳು ಆಗಿವೆ ಅಂತ ಸಂಸತ್ತಿನ ಮುಂದೆ ಹೇಳಿದರು. ಯಾರು ಮಾಡಿದರು ಅಂತ ಆ ವಾಕ್ಯದಲ್ಲಿರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಜನರನ್ನು ಉದ್ದೇಶಿಸಿ ಮಾತಾಡುವಾಗ, ತನ್ನ ಮತ್ತು ತನ್ನ ಆಡಳಿತದ ಕೆಲಸಗಳಿಗೆ ಪೂರ್ತಿ ಹೊಣೆ ತನ್ನದೇ ಅಂದರು. ವಿಷಯ ಒಂದೇ, ಹೇಳಿದವರೂ ಒಬ್ಬರೇ. ಎರಡನೆಯ ಸಲ ‘ನಾನು’ ಬಂತು.

## ಕರ್ಮಣಿ ಪ್ರಯೋಗ ಯಾವಾಗಲೂ ಬೇಡವಾ?

ಹಾಗೇನಿಲ್ಲ. ಮಾಡಿದವರು ಯಾರು ಅಂತ ನಿಜಕ್ಕೂ ಗೊತ್ತಿಲ್ಲದಾಗ ಅದೇ ಪ್ರಾಮಾಣಿಕ ರೂಪ: ‘ರಾತ್ರಿ ಬಾಗಿಲಿನ ಬೀಗ ಒಡೆಯಲಾಗಿದೆ.’ ಯಾರು ಮಾಡಿದರೂ ವ್ಯತ್ಯಾಸವಿಲ್ಲದ ಕಡೆಯೂ ಸರಿ: ‘ಭಾನುವಾರ ಕಚೇರಿ ಮುಚ್ಚಲಾಗುವುದು.’ ಬಾಗಿಲು ಹಾಕುವವರ ಹೆಸರು ಓದುಗರಿಗೆ ಬೇಡ.

## ವಿಷಯವೇ ಮೊದಲು ಬರಬೇಕು ಅಂದರೆ ಕರ್ಮಣಿ ಬೇಕೇ ಬೇಕಲ್ವಾ?

ಕನ್ನಡದಲ್ಲಿ ಬೇಡ. ‘ಮಾರ್ಚ್ ಬಿಲ್‌ಗಳನ್ನು ಸುಮಾ ತಾಳೆ ನೋಡುತ್ತಾರೆ’ ಅಂತ ಬರೆಯಿರಿ. ಬಿಲ್‌ಗಳು ಮೊದಲು ಬಂದವು, ಸುಮಾ ಹೆಸರೂ ಉಳಿಯಿತು. ‘ಅನ್ನು’ ಇರುವುದರಿಂದ ಪದಗಳು ಹಿಂದೆ ಮುಂದೆ ಆದರೂ ಅರ್ಥ ಕೆಡುವುದಿಲ್ಲ. ‘ಸುಮಾ ಅವರಿಂದ ಬಿಲ್‌ಗಳನ್ನು ತಾಳೆ ನೋಡಲಾಗುವುದು’ ಅಂತ ಬರೆಯುವವರೂ ಇದ್ದಾರೆ. ಹೆಸರು ಇದೆ, ಆದರೆ ಯಾರೂ ಹೀಗೆ ಮಾತಾಡುವುದಿಲ್ಲ.

## ಮೇಲಿನವರಿಗೆ ಹೀಗೆ ನೇರವಾಗಿ ಬರೆದರೆ ಒರಟಾಗುವುದಿಲ್ವಾ?

ಗೌರವ ತೋರಿಸುವುದಕ್ಕೆ ಕನ್ನಡದಲ್ಲಿ ಬೇರೆ ದಾರಿಗಳು ಬೇಕಾದಷ್ಟಿವೆ, ಅದಕ್ಕೆ ಕರ್ಮಣಿಯೇ ಆಗಬೇಕಿಲ್ಲ. ‘ಅನುಮೋದನೆ ನೀಡಬೇಕಾಗಿ ಕೋರಲಾಗಿದೆ’ ಅನ್ನುವಲ್ಲಿ ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ‘ಸರ್, ಸುಮಾ ಕಳಿಸಿದ ಪಟ್ಟಿ ನೋಡಿ, ಬಾಕಿ ಕೇಳಬೇಕೋ ಬೇಡವೋ ಅಂತ ಗುರುವಾರ ಮಧ್ಯಾಹ್ನದೊಳಗೆ ತಿಳಿಸುತ್ತೀರಾ? ಶುಕ್ರವಾರ ನಸ್ರೀನ್ ಗ್ರಾಹಕರಿಗೆ ಫೋನ್ ಮಾಡಬೇಕು’ ಅಂತ ಬರೆಯಿರಿ. ‘ತಿಳಿಸುತ್ತೀರಾ’ ಅನ್ನುವುದರಲ್ಲೇ ವಿನಯ ಇದೆ. ಗಡುವಿನ ಕಾರಣ ಜೊತೆಗೇ ಇರುವುದರಿಂದ ಅದು ಆಜ್ಞೆಯಂತೆಯೂ ಕೇಳುವುದಿಲ್ಲ. ಮೇಲಿನವರು ದಿನಕ್ಕೆ ಎಷ್ಟೋ ಪತ್ರ ಓದುತ್ತಾರೆ. ತಮ್ಮಿಂದ ಏನು ಬೇಕು ಅಂತ ಹುಡುಕಬೇಕಾದ ಪತ್ರವನ್ನೇ ಅವರು ಕೊನೆಗೆ ಇಟ್ಟುಕೊಳ್ಳುವುದು.

## ತಿದ್ದಿದ್ದು ಸರಿಯಾಗಿದೆ ಅಂತ ತಿಳಿಯುವುದು ಹೇಗೆ?

ಸಭೆಗೆ ಬಾರದ ಒಬ್ಬರಿಗೆ ಟಿಪ್ಪಣಿ ಕೊಟ್ಟು ಮೂರು ಪ್ರಶ್ನೆ ಕೇಳಿ. ಈಗ ಯಾರು ಕೆಲಸ ಶುರುಮಾಡಬೇಕು? ಯಾರು ಯಾರಿಗಾಗಿ ಕಾಯುತ್ತಿದ್ದಾರೆ? ಮುಗಿಯಿತು ಅಂತ ಏನು ನೋಡಿ ಹೇಳುತ್ತೀರಿ? ಮೇಲಿನ ಉದಾಹರಣೆಯಲ್ಲಿ ಅವರು ‘ಸುಮಾ ಮತ್ತು ರಘು ಈಗಲೇ ಶುರುಮಾಡಬೇಕು, ನಸ್ರೀನ್ ಅವರು ವಿನೋದ್‌ಗಾಗಿ ಕಾಯುತ್ತಿದ್ದಾರೆ’ ಅಂತ ತಡವರಿಸದೆ ಹೇಳಬೇಕು. ಎಲ್ಲಿ ತಡವರಿಸುತ್ತಾರೋ ಆ ವಾಕ್ಯದಲ್ಲಿ ಇನ್ನೂ ಯಾರೋ ಅಡಗಿದ್ದಾರೆ.

ಇನ್ನೊಂದು ಗುರುತು ಮುಂದಿನ ಸಭೆಯಲ್ಲಿ ಸಿಗುತ್ತದೆ. ಟಿಪ್ಪಣಿಯ ಪ್ರತಿ ಸಾಲಿಗೂ ‘ಆಯಿತು’ ಅಥವಾ ‘ಆಗಿಲ್ಲ’ ಅಂತ ಒಬ್ಬರೇ ಉತ್ತರಿಸಿದರೆ ಆ ಸಾಲು ಚೆನ್ನಾಗಿ ಬರೆದದ್ದು. ಒಂದು ಸಾಲು ಓದಿದ ಕೂಡಲೇ ನಾಲ್ಕು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಅಲ್ಲಿ ‘ಬೇಕು’, ‘ನಾವು’ ಅಥವಾ ‘ಲಾಗುವುದು’ ಉಳಿದಿದೆ. ಅದನ್ನು ಅಲ್ಲೇ, ಎಲ್ಲರೂ ಕೂತಿರುವಾಗಲೇ, ಒಂದು ಹೆಸರು ಕೇಳಿ ತಿದ್ದಿಬಿಡಿ.